ಮಾವ ಅಂದರೆ ಯಾವ ಮಾವ

ಆಸ್ಪತ್ರೆಯ ದುಭಾಷಿ ಮಧ್ಯಾಹ್ನ ಊಟ ಮುಗಿಸಿ ಕಂಪ್ಯೂಟರಿನ ಮುಂದೆ ಕೂತಿದ್ದಳು. ಕನ್ನಡ ಬಾರದ ವೈದ್ಯರಿಗೂ ನರ್ಸುಗಳಿಗೂ ನಮ್ಮ ಸಂಬಂಧಗಳ ಹೆಸರು ಕೇಳಿದರೆ ತಲೆ ಗಿರ್ರೆನ್ನುತ್ತಿತ್ತು. ಅದಕ್ಕೇ ಒಂದು ಕೋಷ್ಟಕ ಮಾಡಿಕೊಡು ಎಂದಿದ್ದರು: ಕನ್ನಡದ ಪದ, ತಂದೆಯ ಕಡೆಯೋ ತಾಯಿಯ ಕಡೆಯೋ, ಇಂಗ್ಲಿಷಿನಲ್ಲಿ ಏನು, ಬಳಸುವಾಗ ಎಚ್ಚರವೇನು.

ದೊಡ್ಡಪ್ಪ, ಅಪ್ಪನ ಅಣ್ಣ. ಚಿಕ್ಕಪ್ಪ, ಅಪ್ಪನ ತಮ್ಮ. ಇಂಗ್ಲಿಷಿನಲ್ಲಿ ಇಬ್ಬರೂ ಅಂಕಲ್. ಎಚ್ಚರದ ಕಾಲಮ್ಮಿನಲ್ಲಿ ಬರೆದಳು: 'ಅಮ್ಮನ ಅಕ್ಕನ ಗಂಡನೂ ದೊಡ್ಡಪ್ಪ, ತಂಗಿಯ ಗಂಡನೂ ಚಿಕ್ಕಪ್ಪ. ಇವರು ಸಾಮಾನ್ಯವಾಗಿ ರಕ್ತಸಂಬಂಧಿಗಳಲ್ಲ.' ಅತ್ತೆಯ ಸಾಲಿಗೆ ಬಂದಾಗ ನಗು ಬಂತು. ಅಪ್ಪನ ಅಕ್ಕತಂಗಿಯರು, ಮಾವನ ಹೆಂಡತಿ, ಗಂಡನ ತಾಯಿ, ಹೆಂಡತಿಯ ತಾಯಿ, ಎಲ್ಲರೂ ಒಂದೇ ಪದದೊಳಗೆ ಸಂಸಾರ ಹೂಡಿದ್ದರು.

ಆಮೇಲೆ ಮಾವ. 'ಒಂದು, ಅಮ್ಮನ ಅಣ್ಣ ಅಥವಾ ತಮ್ಮ, ಅಂದರೆ ಸೋದರಮಾವ, ರಕ್ತಸಂಬಂಧಿ. ಎರಡು, ಅಪ್ಪನ ಅಕ್ಕತಂಗಿಯರ ಗಂಡ, ಮದುವೆಯಿಂದ ಬಂದವನು. ಮೂರು, ಗಂಡನ ಅಥವಾ ಹೆಂಡತಿಯ ತಂದೆ. ಯಾವ ಮಾವ ಎಂದು ಕೇಳದೆ—'

ಬೆರಳು ನಿಂತೇ ಹೋಯಿತು. ಬೆಳಿಗ್ಗೆ ಅವಳು ಕೇಳಿರಲಿಲ್ಲ.

ಟಾನ್ಸಿಲ್ ತೆಗೆಸಲು ಬಂದಿದ್ದ ಹುಡುಗ. ಅಪ್ಪ ಸಹಿ ಹಾಕಿ ಕೆಲಸಕ್ಕೆ ಓಡಿದ್ದ. ತಾಯಿ ಕೈಗೂಸಿನೊಂದಿಗೆ ಮನೆಯಲ್ಲಿದ್ದಳು. ಜೊತೆಗಿದ್ದವಳು ಅಪ್ಪನ ತಾಯಿ. ಮನೆಯಲ್ಲಿ ಯಾರಿಗಾದರೂ ರಕ್ತ ನಿಲ್ಲದ ತೊಂದರೆ ಇದೆಯೇ ಎಂದು ವೈದ್ಯೆ ಕೇಳಿದಾಗ ಅಜ್ಜಿ ಹೇಳಿದ್ದಳು: "ನಮ್ಮ ವಂಶದಲ್ಲಿ ಯಾರಿಗೂ ಇಲ್ಲಮ್ಮ. ಇವನ ಮಾವ ಒಬ್ಬ ಹಲ್ಲು ಕೀಳಿಸ್ಕೊಂಡು ರಕ್ತ ನಿಲ್ಲದೆ ಹೋಗಿಬಿಟ್ಟ. ಅವನು ನಮ್ಮವನಲ್ಲ ಬಿಡು."

ನಮ್ಮವನಲ್ಲ ಎಂದದ್ದಕ್ಕೆ ಅಜ್ಜಿಯ ಅಳಿಯನಿರಬೇಕು ಎಂದುಕೊಂಡು ದುಭಾಷಿ 'ಮದುವೆಯಿಂದ ಬಂದ ಅಂಕಲ್' ಎಂದು ಅನುವಾದಿಸಿದ್ದಳು. ವೈದ್ಯೆ ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋಗಿದ್ದರು.

ಆದರೆ ಅಪ್ಪನ ತಾಯಿಗೆ ಸೊಸೆಯ ತಮ್ಮನೂ 'ನಮ್ಮವನಲ್ಲ'ವೇ! ತಾಯಿಯಿಂದ ಗಂಡುಮಕ್ಕಳಿಗೆ ಇಳಿಯುವ, ರಕ್ತ ಹೆಪ್ಪುಗಟ್ಟದ ಕಾಯಿಲೆಯೊಂದಿದೆ ಎಂಬುದು ಅವಳಿಗೆ ಗೊತ್ತಿತ್ತು. ಅಂಥ ಇನ್ನೊಂದು ಮನೆಯವರಿಗೆ ಅವಳೇ ಅನುವಾದಿಸಿದ್ದಳು.

ಆಪರೇಷನ್ ಥಿಯೇಟರಿಗೆ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ. ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದಳು. ಥಿಯೇಟರಿನ ಹೊರಗೆ ಅಜ್ಜಿ ಮೊಮ್ಮಗನ ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಅಜ್ಜಿ, ಹಲ್ಲು ಕೀಳಿಸ್ಕೊಂಡು ಹೋದ ಆ ಮಾವ ನಿಮ್ಮ ಮಗಳ ಗಂಡನಾ, ಸೊಸೆಯ ತಮ್ಮನಾ?"

"ನನ್ನ ಅಳಿಯ ಗುಂಡುಕಲ್ಲಿನ ಹಾಗಿದಾನೆ, ಬಿಡ್ತು ಅನ್ನು! ಸೊಸೆಯ ತಮ್ಮ ಕಣೇ."

ಅವಳು ಬಾಗಿಲು ಬಡಿದಳು. ಒಳಗಿನಿಂದ ನರ್ಸ್ ಬಂದು ಗದರಿದಳು. "ರಕ್ತಸಂಬಂಧಿ! ತಾಯಿಯ ತಮ್ಮ! ನಾನು ತಪ್ಪು ಹೇಳಿದ್ದೆ, ನಿಲ್ಲಿಸಿ!" ಎಂದು ದುಭಾಷಿ ಇಂಗ್ಲಿಷಿನಲ್ಲಿ ಕೂಗಿದಳು. ನರ್ಸ್ ಒಳಗೋಡಿದಳು. ಬಾಗಿಲು ಮುಚ್ಚಿತು. ಗಾಜಿನಾಚೆ ಹಸಿರು ಬಟ್ಟೆಗಳು ಅತ್ತಿತ್ತ ಓಡಾಡಿದವು. ಕತ್ತರಿ ಆಗಲೇ ಗಂಟಲಿಗೆ ಇಳಿದಿದ್ದರೆ?

"ಏನಾಯ್ತೇ ತಾಯಿ? ನನ್ನ ಕಂದನಿಗೆ ಏನಾಯ್ತು?" ಎಂದು ಅಜ್ಜಿ ಅವಳ ತೋಳು ಹಿಡಿದು ಅಲ್ಲಾಡಿಸಿದಳು.

ಕೊನೆಗೆ ವೈದ್ಯೆ ಹೊರಬಂದು ಮಾಸ್ಕ್ ಕೆಳಗೆಳೆದರು. ಹುಡುಗನಿಗೆ ನಿದ್ದೆ ಬರಿಸಿದ್ದರು, ಅಷ್ಟೇ, ಕತ್ತರಿ ಮುಟ್ಟಿಸಿರಲಿಲ್ಲ. ದುಭಾಷಿ ಅದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿದಳು.

ರಕ್ತಪರೀಕ್ಷೆ ಅದೇ ಕಾಯಿಲೆಯನ್ನು ಹೇಳಿತು. ರಕ್ತ ಹೆಪ್ಪುಗಟ್ಟಿಸುವ ಅಂಶವನ್ನು ಮೊದಲು ಕೊಟ್ಟು, ತಜ್ಞರನ್ನಿಟ್ಟುಕೊಂಡೇ ಆಪರೇಷನ್ ಮಾಡಬೇಕೆಂದರು. ಆ ವೇಳೆಗೆ ತಾಯಿ ಹೆಣ್ಣುಕೂಸನ್ನೆತ್ತಿಕೊಂಡು ಬಂದಿದ್ದಳು. ಹುಡುಗನಿಗೆ ಅಣ್ಣತಮ್ಮಂದಿರಿದ್ದಾರೆಯೇ ಎಂದು ವೈದ್ಯೆ ಕೇಳಿದರು.

"ಇಬ್ಬರು ಅಣ್ಣಂದಿರು," ಎಂದಳು ಅಜ್ಜಿ.

ಹುಡುಗನೇ ಚೊಚ್ಚಲ ಮಗ ಎಂದು ಬೆಳಿಗ್ಗೆ ಬರೆದುಕೊಂಡಿದ್ದ ವೈದ್ಯೆ ಗೊಂದಲಗೊಂಡರು. ದುಭಾಷಿ ಈ ಸಲ ಅವಸರ ಮಾಡಲಿಲ್ಲ. ದೊಡ್ಡಪ್ಪನ ಮಗನೂ ಅಣ್ಣ, ದೊಡ್ಡಮ್ಮನ ಮಗನೂ ಅಣ್ಣ, ಇಂಗ್ಲಿಷಿಗೆ ಇಬ್ಬರೂ ಕಸಿನ್ ಎಂದು ವಿವರಿಸಿ ತಾಯಿಯತ್ತ ತಿರುಗಿದಳು. "ಆ ಇಬ್ಬರೂ ಯಾರ ಮಕ್ಕಳಮ್ಮ?"

"ಒಬ್ಬ ನಮ್ಮ ಭಾವನ ಮಗ, ಯಜಮಾನರ ಅಣ್ಣನ ಮಗ. ಇನ್ನೊಬ್ಬ ನನ್ನ ಅಕ್ಕನ ಮಗ." ತಾಯಿಯ ಧ್ವನಿ ಸಣ್ಣಗಾಯಿತು. "ಅಕ್ಕನ ಮಗನಿಗೆ ಮಂಡಿ ಊದ್ತಾನೇ ಇರುತ್ತೆ. ಆಟದಲ್ಲಿ ಬಿದ್ದಿರ್ತಾನೆ ಅಂದ್ಕೊಂಡಿದ್ವಿ."

ದುಭಾಷಿ ಅದನ್ನು ವೈದ್ಯೆಗೆ ತಿಳಿಸಿದಳು. ಅವರು ಒಂದೇ ಮಾತು ಹೇಳಿದರು: ಮಂಡಿಯೊಳಗೆ ರಕ್ತ ಸೋರುತ್ತಿರಬಹುದು, ಅವನನ್ನು ಇವತ್ತೇ ಕರೆತರಲಿ.

ತಾಯಿ ಕೂಸನ್ನು ಅತ್ತೆಯ ಕೈಗೆ ಕೊಟ್ಟು ಫೋನ್ ಒತ್ತಿದಳು.

"ಅಕ್ಕಾ, ಅವನೆಲ್ಲಿದಾನೆ? ಹೊರಗಾ? ಮೊದಲು ಒಳಗೆ ಕರಿ. ಆಮೇಲೆ ಹೇಳ್ತೀನಿ."