ಮಂಚ ಕುಗ್ಗಿಸಿದ ಕರಪತ್ರ

ಕರಪತ್ರ ಮಾಡುವುದರಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ನನ್ನ ಅಂಗಡಿ ನೋಡಿ ಬೇರೆ ಕಸುಬು ಹಿಡಿದಿರುತ್ತಾನೆ. ನಾನು ಫೋಟೋದಲ್ಲಿ ಕೂರಿಸಿದ ಆಕಾಶ ಕಂಡು ನಿಜವಾದ ಆಕಾಶವೇ ನಾಚಿ ಮೋಡ ಹೊದ್ದುಕೊಂಡದ್ದುಂಟು.

ನಮ್ಮ ಬಿಲ್ಡರ್ ಸಾಹುಕಾರರು ಎಂಟು ಫ್ಲ್ಯಾಟಿನ ಪುಟ್ಟ ಕಟ್ಟಡ ಎಬ್ಬಿಸಿದ್ದರು. ಗೋಡೆ ಎದ್ದಿದ್ದರೂ ಒಂದು ಫ್ಲ್ಯಾಟೂ ಮಾರಿಹೋಗಿರಲಿಲ್ಲ. ಈ ಕರಪತ್ರವೂ ಮಕಾಡೆ ಮಲಗಿದರೆ ಇನ್ನು ಮುಂದಿನ ಕೆಲಸವೆಲ್ಲ ಎದುರಿನ ಅಂಗಡಿಗೆ ಎಂದು ಹೇಳಿಯೇ ಕುರ್ಚಿ ಎಳೆದುಕೊಂಡರು. ಅವರು ಹೋದರೆ ನನಗೆ ಉಳಿಯುವುದು ನೊಣ ಹೊಡೆಯುವ ಉದ್ಯೋಗ.

ಮಲಗುವ ಕೋಣೆ ಬೆಂಕಿಪೊಟ್ಟಣದಷ್ಟಿತ್ತು. ಕರಪತ್ರದ ನಕ್ಷೆಯಲ್ಲಿ ಮಂಚವನ್ನು ಸ್ವಲ್ಪ, ಅಂದರೆ ಅರ್ಧಕ್ಕರ್ಧ, ಕುಗ್ಗಿಸಿದೆ. ಕೋಣೆ ಮೈದಾನವಾಯಿತು. ಕನ್ನಡಕ ಮರೆತು ಬಂದವರಿಗೂ ಕಾಣುವಂತೆ ಕಡುನೀಲಿಯ ಮೇಲೆ ಬಿಳಿ ಅಂಕಿಗಳಲ್ಲಿ ಫೋನ್ ನಂಬರ್ ಹಾಕಿದೆ. ಯಾವ ನಂಬರೆಂದು ಸಾಹುಕಾರರು ಇನ್ನೂ ಹೇಳಿರಲಿಲ್ಲ. ಸದ್ಯಕ್ಕೆ ಜಾಗ ತುಂಬಲಿ ಎಂದು ನನಗೆ ಬಾಯಿಪಾಠವಿದ್ದ ಒಂದೇ ನಂಬರನ್ನು, ನಮ್ಮ ಅತ್ತೆಯದನ್ನು, ಹಾಕಿದ್ದೆ. ಅದನ್ನು ಮರೆತ ಅಳಿಯ ಬದುಕಿ ಉಳಿದದ್ದಿಲ್ಲ.

ಅಚ್ಚಿಗೆ ಕೊಡುವ ಮುಂಚೆ ಸಾಹುಕಾರರು ಪ್ರೂಫ್ ನೋಡಿದರು. ಅಂದರೆ, ಮೂಲೆಯಲ್ಲಿದ್ದ ತಮ್ಮ ಫೋಟೋ ನೋಡಿದರು. ತಲೆಗೂದಲು ಸ್ವಲ್ಪ ಹೆಚ್ಚಿಸಲು ಹೇಳಿ ಸಹಿ ಹಾಕಿದರು. ಕೂದಲು ನೆಡುವ ಸಂಭ್ರಮದಲ್ಲಿ ನಾನೂ ನಂಬರ್ ಬದಲಿಸುವುದನ್ನು ಮರೆತೆ. ಕರಪತ್ರ ಮನೆಮನೆಗೆ ಹೋಯಿತು.

ಅತ್ತೆಯ ಫೋನು ಕುಕ್ಕರಿನಂತೆ ಕೂಗತೊಡಗಿತು. ಬೇರೆಯವರಾದರೆ ರಾಂಗ್ ನಂಬರ್ ಎನ್ನುತ್ತಿದ್ದರು. ನಮ್ಮತ್ತೆ ಟೇಪು ಹಿಡಿದು ಕಟ್ಟಡಕ್ಕೇ ಹೋಗಿ ಅಳೆದು ಬಂದು, ಕೇಳಿದವರಿಗೆಲ್ಲ ಬಿಸಿಲು ಚೆನ್ನಾಗಿದೆ, ಅಡುಗೆಮನೆ ಪರವಾಗಿಲ್ಲ, ಮಂಚ ಹಾಕಿದರೆ ಮಾತ್ರ ಬಾಗಿಲು ತೆರೆಯದು ಎಂದು ಹೇಳಿದರು.

ಸಾಹುಕಾರರು ಉರಿದುಕೊಂಡು ಅಂಗಡಿಗೆ ನುಗ್ಗಿದಾಗ ಅತ್ತೆ ಆಗಲೇ ಕರಪತ್ರ ಹಿಡಿದು ನನ್ನೆದುರು ಕೂತಿದ್ದರು.

“ಅಳಿಯಂದ್ರೇ, ಈ ಮಂಚದ ಮೇಲೆ ಯಾರು ಮಲಗೋದು, ಬೆಕ್ಕಾ?”

“ಅಮ್ಮಾ, ನನ್ನ ವ್ಯಾಪಾರಕ್ಕೆ ಕಲ್ಲು ಹಾಕ್ತಿದ್ದೀರಿ,” ಎಂದರು ಸಾಹುಕಾರರು.

“ಬಾಗಿಲು ಇನ್ನೂ ಕೂರಿಸಿಲ್ಲ ತಾನೇ? ಕೀಲು ಆ ಕಡೆ ಹಾಕಿಸಪ್ಪಾ. ಬಾಗಿಲು ಗೋಡೆಗೆ ಒರಗುತ್ತೆ, ಮಂಚ ಹಿಡಿಯುತ್ತೆ.”

ನಾನು ಕಂಪ್ಯೂಟರಿನಲ್ಲಿ ಮಂಚವನ್ನು ನಿಜದ ಅಳತೆಗೆ ಎಳೆದೆ; ಬಾಗಿಲು ತಿರುಗುವ ಗೆರೆ ಅದರ ಹೊಟ್ಟೆ ಸೀಳಿತು. ಕೀಲನ್ನು ಆಚೆ ಬದಿಗಿಟ್ಟೆ. ಎರಡೂ ಒಂದನ್ನೊಂದು ಮುಟ್ಟದೆ ನಿಂತವು. ಸಾಹುಕಾರರು ಬಗ್ಗಿ ಪರದೆ ನೋಡಿದರು. ಅಷ್ಟರಲ್ಲಿ ಅತ್ತೆಯ ಫೋನು ಕೂಗಿತು. ಸಾಹುಕಾರರು ತಾವೇ ಕಸಿದುಕೊಂಡು ಮಾತಾಡಿದರು. ಆ ಕಡೆಯವರು, ಇದ್ದದ್ದು ಇದ್ದ ಹಾಗೆ ಹೇಳುವ ಆ ಅಮ್ಮನಿಗೇ ಕೊಡಿ ಎಂದರಂತೆ. ಸಾಹುಕಾರರು ತೆಪ್ಪಗೆ ಫೋನು ಹಿಂತಿರುಗಿಸಿದರು.

ಹೊಸ ಕರಪತ್ರದಲ್ಲಿ ಮಂಚ ಮಂಚದಷ್ಟೇ ಇತ್ತು, ನಂಬರ್ ಅತ್ತೆಯದೇ. ಎಂಟೂ ಫ್ಲ್ಯಾಟು ಬಿಸಿ ಬೋಂಡದಂತೆ ಹೋದವು. ಮುಂದಿನ ಕಟ್ಟಡದ ಕೆಲಸವೂ ನನಗೇ ಬಂದಿದೆ. ಷರತ್ತು ಒಂದೇ: ಪ್ರೂಫಿಗೆ ಅತ್ತೆ ಸಹಿ ಹಾಕಬೇಕು. ಆ ನಂಬರನ್ನು ಅಲ್ಲಿ ಹಾಕುವ ದೂರದೃಷ್ಟಿ ಯಾರದಿತ್ತು ಎಂದು ಮಾತ್ರ ಒಬ್ಬರೂ ಕೇಳುವುದಿಲ್ಲ.