ಏಣಿ ಇಳಿದು ಬರುವ ಮಾಲಕ

ಗೋಕಾಕದಲ್ಲಿ ನಾವು ಬಾಡಿಗೆಗಿದ್ದ ಮನೆಗೂ ಮಾಲಕ ವೀರಪ್ಪನ ಮನೆಗೂ ನಡುವೆ ಒಂದೇ ಗೋಡೆ, ಮೇಲೆ ಒಂದೇ ಮಣ್ಣಿನ ಮಾಳಿಗೆ. ಅವನು ತನ್ನ ಮನೆಯಿಂದ ಮಾಳಿಗೆ ಏರಿ, ನಮ್ಮ ತಲೆಯ ಮೇಲೆ ನಡೆದು ಬಂದು, ಕಿಂಡಿಯ ಹಲಗೆ ಸರಿಸಿ, ಏಣಿ ಇಳಿದು ನಮ್ಮ ಒಳಮನೆಯಲ್ಲಿ ನಿಲ್ಲುತ್ತಿದ್ದ. ಬಾಗಿಲು ಬಡಿಯುವುದು ಅವನಿಗೆ ಗೊತ್ತೇ ಇರಲಿಲ್ಲ. ಜಂತಿ ಕುಟ್ಟುವನು, ಗೆದ್ದಲು ಹತ್ತಿದೆಯೇ ಎಂದು ಉಗುರಿನಿಂದ ಕೆರೆಯುವನು, ಅವ್ವ ಕೊಟ್ಟ ಚಹಾ ಕುಡಿದು ಬಂದ ದಾರಿಯಲ್ಲೇ ಹೋಗುವನು. ನನ್ನ ಮೈಯೆಲ್ಲ ಉರಿಯುತ್ತಿತ್ತು. ಅವ್ವ ಮಾತ್ರ, “ಹ್ವಾದ್ರ ಹೋಗ್ಲಿ ಬಿಡು ಮುರಿಗ್ಯಾ, ಅವನ ಮಾಳಗಿ,” ಎನ್ನುತ್ತಿದ್ದಳು.

ನನ್ನ ಅಕ್ಕ ಗೌರವ್ವ ಹೆರಿಗೆಗೆ ಬಂದು ಹಡೆದ ಮೇಲೆ ಅವ್ವನೂ ಹಾಗೆನ್ನಲಿಲ್ಲ. ಬಾಣಂತಿಗೆ ದಿನಾ ಎಣ್ಣೆ ಹಚ್ಚಿ ಕುದಿವ ನೀರು ಹೊಯ್ಯಬೇಕು. ಬಚ್ಚಲಿರುವುದು ಆ ಏಣಿಯ ಬುಡದಲ್ಲೇ, ಒಂದು ಹಳೆಯ ಸೀರೆಯ ಮರೆಯಲ್ಲಿ. ಒಂದು ಮುಂಜಾನೆ ಅವ್ವ ತಂಬಿಗೆ ಎತ್ತಿದ್ದಳು. ಮೇಲಿಂದ ಮಣ್ಣು ಉದುರಿತು, ಹಲಗೆ ಸರಿಯಿತು, ವೀರಪ್ಪನ ಎರಡು ಕಾಲು ಇಳಿದವು.

“ಅಲ್ಲೇ ನಿಲ್ರಿ,” ಎಂದಳು ಅವ್ವ.

ಕಾಲುಗಳು ಅಲ್ಲೇ ನಿಂತವು. “ನಾ ಜಂತಿ ನೋಡಾಕ ಬಂದೇನಿ, ಶಿವವ್ವ. ಮಳಿ ಬರಾಕತ್ತಾವು.”

“ಜಂತಿ ಎಲ್ಲಿ ಓಡಿ ಹೋಗತೈತ್ರಿ? ಹತ್ರಿ ಮ್ಯಾಲ.”

ಕಾಲುಗಳು ಮೇಲೆ ಹೋದವು. ಅಕ್ಕ ಮೈ ಒರೆಸಿಕೊಳ್ಳದೆಯೇ ಕೂಸನ್ನು ಎತ್ತಿಕೊಂಡಳು. “ಅವ್ವಾ, ನಾ ಕುಲಗೋಡಕ್ಕ ಹೋಗ್ತೀನಿ. ಅತ್ತಿ ಮನ್ಯಾಗ ಕೆಲಸ ಹಚ್ಚತಾರ, ಹಚ್ಚಲಿ. ಅಲ್ಲಿ ಸೂರಿನಿಂದ ಮಂದಿ ಉದುರಾಂಗಿಲ್ಲ.”

ಅವಳು ತವರಿಗೆ ಬಂದದ್ದೇ ನಾಲ್ಕು ದಿನ ಬೆನ್ನು ನೆಲಕ್ಕೆ ಹಚ್ಚಲಿಕ್ಕೆ. ಅದನ್ನೂ ಈ ಮನುಷ್ಯ ಕಸಿದುಕೊಳ್ಳುತ್ತಾನೆಯೇ? ಹಲಗೆಗೆ ಹೊಡೆಯಲು ಮೊಳೆ ಕೊಂಡು, ಕಿಸೆಗೆ ಹಾಕಿಕೊಂಡು, ಮೊದಲು ಕೋರ್ಟಿನ ಹತ್ತಿರ ಕೂಡುವ ವಕೀಲರ ಬಳಿ ಹೋದೆ. ಮೊಳೆ ಹೊಡೆಯಬಹುದು ಎಂದು ಅವರ ಬಾಯಿಂದಲೇ ಕೇಳಬೇಕಿತ್ತು.

“ಮೊಳಿ ಹೊಡದ್ರ ತಪ್ಪು ನಿಂದಾಗತೈತಿ,” ಎಂದರು ವಕೀಲರು. “ಮನಿ ಹೆಂಗೈತಿ ಅಂತ ನೋಡಾಕ ಮಾಲಕ ಒಳಗ ಬರಬಹುದು. ನೀ ಬಿಡಬೇಕು.”

“ಅಂದ್ರ ಅಕ್ಕ ಜಳಕ ಮಾಡೂಮುಂದನೂ?”

“ಪೂರಾ ಕೇಳಪಾ. ತಕ್ಕ ಹೊತ್ತಿನ್ಯಾಗ ಬರಬೇಕು ಅಂತೈತಿ ಕಾಯ್ದೆ. ಬಾಡಿಗಿ ಕೊಟ್ಟ ಮನ್ಯಾಗ ಅವಂಗ ಮನಸ್ಸಿಗೆ ಬಂದಾಗ ಇಳಿಯಾಕ ಬರಾಂಗಿಲ್ಲ.”

“ಎಷ್ಟು ದಿನ ಮೊದಲ ಹೇಳಬೇಕ್ರಿ ಹಂಗಾರ?”

“ಕಾಯ್ದೆ ಇಷ್ಟ ದಿನ ಅಂತ ಎಣಿಸಿಲ್ಲ. ಆ ಮನ್ಯಾಗ ಏನು ನಡದೈತಿ, ಅವಂಗ ಎಷ್ಟು ಅವಸರ ಐತಿ, ಎರಡೂ ನೋಡಬೇಕು. ಕರಾರಿನ್ಯಾಗ ಬರದೀರೇನು?”

“ಬಾಯಿಮಾತ್ರಿ.”

“ಹಂಗಾರ ಇದನ್ನೂ ಬಾಯಿಲೇ ಮುಗಿಸ್ರಿ. ನಿಮ್ಮ ಅವ್ವನ್ನ ಕರಕೊಂಡು ಹೋಗು. ನೀ ಮಾತಾಡಬ್ಯಾಡ.”

ಸಂಜೆ ವೀರಪ್ಪನ ಕಟ್ಟೆಯ ಮೇಲೆ ಕೂತೆವು. ಅವ್ವ ಹೇಳಿದ ವಕೀಲರ ಮಾತು ಕೇಳಿ ಅವನ ಮೀಸೆ ಅಲುಗಿತು. “ನಮ್ಮಪ್ಪನ ಕಾಲದಿಂದ ಆ ಏಣಿ ಐತಿ. ಮಾಳಗಿ ಕುಸದ್ರ ಸಾಯಾವ್ರು ನೀವ. ಅದಕ್ಕ ಬರತೇನಿ ನಾ.”

“ಖರೆ ಐತ್ರಿ,” ಎಂದಳು ಅವ್ವ. “ಬರಬ್ಯಾಡ ಅನ್ನಾಂಗಿಲ್ಲ. ಹಿಂದಿನ ದಿನ ಬಾಗಲದಾಗ ನಿಂತು ಹೇಳ್ರಿ. ಮುಂಜಾನಿ ಎರೀತೇವಿ, ಮಧ್ಯಾಹ್ನ ಊಟ ಆದ ಮ್ಯಾಲ ಬರ್ರಿ. ಬಾಗಲಲೇ ಬರ್ರಿ.”

“ಮಾಳಗಿ ಸೋರಿದ್ರ? ನಾಳಿ ತನಕ ಮಳಿಗೆ ನಿಲ್ಲು ಅನ್ನಲೇನು?”

“ಸೋರಿದ್ರ ನಾವ ಕೂಗತೇವಿ. ಆವಾಗ ಹೊತ್ತಿಲ್ಲ ಗೊತ್ತಿಲ್ಲ.”

ಅವನು ನನ್ನ ಕಿಸೆ ನೋಡಿದ. “ಅದೇನೋ ಚುಚ್ಚಾಕತ್ತೈತಲ್ಲ?”

“ಮೊಳಿ, ಕಾಕಾ.”

“ನನ್ನ ಹಲಗಿಗೆ?” ಎಂದವನೇ ಯಾಕೋ ನಕ್ಕುಬಿಟ್ಟ. “ಕೊಡಿಲ್ಲಿ. ಮಾಳಗಿ ಮ್ಯಾಲಿನ ಅಗಳಿ ಸಡ್ಲಾಗೈತಿ.”

ಮೊಳೆ ಕೊಟ್ಟೆ. ಸಿಟ್ಟು ಮಾತ್ರ ಇಟ್ಟುಕೊಂಡೆ.

ಅಕ್ಕ ಗಂಟು ಕಟ್ಟಿಯೇ ಇಟ್ಟಿದ್ದಳು. “ನೋಡೂಣು,” ಎಂದಷ್ಟೇ ಹೇಳಿದಳು.

ಆ ವಾರವೇ ಮಳೆ ಹಿಡಿಯಿತು. ಊಟದ ಹೊತ್ತಿಗೆ ತೊಟ್ಟಿಲ ಪಕ್ಕ ಒಂದು ಹನಿ ಬಿತ್ತು, ಹಿಂದೆ ಇನ್ನೊಂದು. ಅವ್ವ ತೊಟ್ಟಿಲು ಸರಿಸಿದಳು. ನಾನು ಮಾಲಕನನ್ನು ಕೂಗಲು ಬಾಗಿಲು ತೆರೆದರೆ ವೀರಪ್ಪ ಅಲ್ಲೇ ನಿಂತಿದ್ದಾನೆ. ತಲೆಯ ಮೇಲೆ ಕಂಬಳಿ, ಕೈಯಲ್ಲಿ ಸವಳುಮಣ್ಣಿನ ಬುಟ್ಟಿ. ಮಾಳಿಗೆಯ ತೂತು ಮುಚ್ಚುವ ಮಣ್ಣು ಅದು. ಗಡ್ಡದಿಂದ ನೀರು ಇಳಿಯುತ್ತಿತ್ತು.

“ಯಾವಾಗಿಂದ ನಿಂತೀರಿ, ಕಾಕಾ?”

“ಬೆಳಕಿಂಡಿ ಮ್ಯಾಲ ಮೊಗಚಿದ್ದ ಗಡಿಗಿ ಗಾಳಿಗೆ ಹೋಗೇತಿ, ಅದರಾಗ ನೀರು ಇಳಿಯೂದು ಮ್ಯಾಲಿಂದ ಕಂಡ್ನಿ. ಸುತ್ತೂ ಮಣ್ಣ ಕೊಚ್ಚೇತಿ. ನೀವು ಕೂಗಲಿಲ್ಲ. ನಿನ್ನೆ ಹೇಳೂನು ಅಂದ್ರ ನಿನ್ನೆ ಮಳಿ ಇರಲಿಲ್ಲ.” ಹೊಸ್ತಿಲು ಮಾತ್ರ ದಾಟಲಿಲ್ಲ. “ಒಳಗಿಂದ ಯಾರರೆ ಬೆಳಕಿಂಡಿಗೆ ಒಂದು ಹಲಗಿ ಆನಿಸಿ ಹಿಡೀಬೇಕು. ನಾಳಿ ಮಧ್ಯಾಹ್ನ ಬರ್ಲೇನು?”

ಒಳಗಿನಿಂದ ಅಕ್ಕ ನಗುವುದು ಕೇಳಿಸಿತು, ಬಂದ ಮೇಲೆ ಮೊದಲ ಸಲ. “ಕಾಕಾ, ಈಗ ಬರ್ರಿ. ನಾ ಸೀರಿ ಉಟ್ಟೇನಿ, ಕೂಸೂ ಅರಿವಿ ಹಾಕ್ಕೊಂಡೈತಿ.”

ನಾನು ಹಲಗೆ ಆನಿಸಿ ಹಿಡಿದೆ, ಅವನು ಮೇಲೆ ಹೋಗಿ ಮಣ್ಣು ಮೆತ್ತಿದ. ಕೆಸರು ನನ್ನ ಮುಖದ ಮೇಲೇ ಬಿತ್ತು. ಬೇಕೆಂದೇ ಬೀಳಿಸಿದ ಎಂದು ನನಗೆ ಇಂದಿಗೂ ಅನುಮಾನ. ಹನಿ ನಿಂತಿತು. ಅವ್ವ ಚಹಾಕ್ಕೆ ನೀರಿಟ್ಟಳು, ಅಕ್ಕ ಗಂಟು ಬಿಚ್ಚಿ ಕುಲಾವಿ ತೆಗೆದು ಕೂಸಿಗೆ ತೊಡಿಸಿದಳು.

ವೀರಪ್ಪ ಚಹಾ ಕುಡಿದು ಬಾಗಿಲಲ್ಲೇ ಹೊರಟ. ಓಣಿಗೆ ಇಳಿದವನು ಮತ್ತೆ ತಿರುಗಿ ಬಂದು ಕದ ಬಡಿದ.

“ನಾಳಿ ಮಧ್ಯಾಹ್ನ ಬರತೇನಿ, ಶಿವವ್ವ. ಮಣ್ಣ ಒಣಗೇತೇನು ನೋಡಾಕ. ಹೇಳಿಲ್ಲ ಅನಬ್ಯಾಡ್ರಿ ಮತ್ತ.”