ಕೊಂಡಿ ಅಪ್ಪಟ, ಸರ ಕಳಪೆ

ನಮ್ಮತ್ತಿಗೆ ದನಿ ಎತ್ತಿದ್ದನ್ನು ನಾನು ಕಂಡಿಲ್ಲ. ಮನೆಯ ಬಾಯಿಜೋರೆಲ್ಲ ನನ್ನ ಪಾಲಿಗೇ ಬಂದಿದೆ. ಹೊಲಿಗೆ ಅಂಗಡಿ ತೆರೆಯಲೆಂದು ಅವಳು ತನ್ನ ಸರ ಅಡವಿಡಲು ಹೋದಾಗ, ಬ್ಯಾಂಕಿನ ಚಿನ್ನ ಪರೀಕ್ಷಕರು ಒಂದು ಕಡೆ ಅರದಿಂದ ಉಜ್ಜಿ, ಒರೆಗಲ್ಲಿಗೆ ತಿಕ್ಕಿ ನೋಡಿ, "ಇದು ಇಪ್ಪತ್ತೆರಡು ಕ್ಯಾರಟ್ ಅಲ್ಲಮ್ಮ, ಹದಿನೆಂಟೂ ಅನುಮಾನ" ಎಂದರು. ಬಿಲ್ಲಿನಲ್ಲೂ ಕೊಂಡಿಯ ಹಾಲ್‌ಮಾರ್ಕಿನಲ್ಲೂ ಇದ್ದದ್ದು 916, ಅಂದರೆ ಇಪ್ಪತ್ತೆರಡು ಕ್ಯಾರಟ್.

ಅಮ್ಮನನ್ನೂ ಕರೆದುಕೊಂಡು ಸರ ಕೊಂಡಿದ್ದ ಚಿನ್ನದಂಗಡಿಗೆ ಹೋದೆವು. ಸೊಸೆಗೆ ಸರ ಕೊಡಿಸಿದವಳು ಅವಳೇ. ಅಂಗಡಿಯವನು ನಮ್ಮಿಬ್ಬರನ್ನೂ ಬಿಟ್ಟು ಅಮ್ಮನ ಕಡೆ ತಿರುಗಿದ.

"ನಮ್ಮ ಮಾಲು ಹೀಗಿರಲ್ಲಮ್ಮ. ಮನೇಲಿ ಯಾರಾದ್ರೂ ಬದಲಾಯಿಸಿರ್ಬೇಕು. ವಿಚಾರಿಸಿ ನೋಡಿ."

ಅಮ್ಮ ಅತ್ತಿಗೆಯ ಮುಖ ನೋಡಿದಳು. ನನಗೆ ಮೈಯೆಲ್ಲ ಉರಿಯಿತು. ಚಿನ್ನ ಹೋದರೆ ಹೋಗಲಿ, ಈ ಮಾತು ನಿಂತರೆ ಅತ್ತಿಗೆ ನಮ್ಮ ಮನೆಯಲ್ಲಿ ತಲೆಯೆತ್ತಿ ಬಾಳುವುದು ಹೇಗೆ?

"ನಿಮ್ಮ ಚಿನ್ನ ನೋಡೋ ಮೆಷಿನ್‌ನಲ್ಲೇ ಇಟ್ಟು ನೋಡಿ ಅಣ್ಣ" ಎಂದಳು ಅತ್ತಿಗೆ.

ಅರ ತಾಗದ ಕಡೆ ಇಟ್ಟ. 91.6 ಎಂದು ತೋರಿಸಿತು. ಅವನ ಎದೆ ಉಬ್ಬಿತು. ಕೂತಿದ್ದ ಗಿರಾಕಿಗಳಿಗೆಲ್ಲ ಕೇಳುವಂತೆ, "ನೋಡಿ, ನಮ್ಮಂಗಡಿ ಸರ ಅಂದ್ರೆ ಇದು" ಎಂದ. ವಾಪಸು ಬರುವಾಗ ಅಮ್ಮ ನಮ್ಮನ್ನು ಬಿಟ್ಟು ನಾಲ್ಕು ಹೆಜ್ಜೆ ಮುಂದೆ ನಡೆದಳು. ಅತ್ತಿಗೆ ನನ್ನ ಕಿವಿಯಲ್ಲಿ, "ಮೆಷಿನ್ ಮೇಲಿಂದು ಮಾತ್ರ ನೋಡುತ್ತಂತೆ. ದಪ್ಪ ಲೇಪ ಇದ್ರೆ ಒಳಗಿಂದು ಗೊತ್ತಾಗಲ್ವಂತೆ. ಬ್ಯಾಂಕಿನವ್ರು ಹೇಳಿದ್ರು" ಎಂದಳು.

ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟೆವು. ವಿಚಾರಣೆಯ ದಿನ ಅಂಗಡಿಯವನು ಅದೇ ಹಾಡು ಹಾಡಿದ. ಸರ ನಮ್ಮದೇ, ಇವರೆದುರೇ ಪರೀಕ್ಷೆ ಮಾಡಿ ತೋರಿಸಿದ್ದೇವೆ ಎಂದ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ಇಂಥವರಿಗೇ. ಅವನ ವಕೀಲ ಅಂಗಿ ಜಗ್ಗಿದ, ಹೊತ್ತು ಮೀರಿತ್ತು. ಮನೆಯಲ್ಲಿ ಬದಲಾಯಿಸಿದ್ದಾರೆ ಅನ್ನುವ ದಾರಿಯನ್ನು ಅವನೇ ಮುಚ್ಚಿಕೊಂಡಿದ್ದ.

ಅತ್ತಿಗೆ ಎದ್ದು ನಿಂತಳು. "ಸರ ಅವರದೇ ಅಂತ ಹೇಳಿದ್ದನ್ನ ಬರ್ಕೊಳ್ಳಿ ಸಾರ್. ಈಗ ಕತ್ತರಿಸಿ, ಕರಗಿಸಿ ನೋಡ್ಲಿ. ಸರ ತುಂಡಾದ್ರೂ ಚಿಂತೆಯಿಲ್ಲ."

ಇಬ್ಬರೆದುರೇ ಸರಕ್ಕೆ ಸೀಲು ಹಾಕಿ ಪ್ರಯೋಗಾಲಯಕ್ಕೆ ಕಳಿಸಿದರು. ವರದಿ ಬಂತು. ಹಾಲ್‌ಮಾರ್ಕ್ ಇದ್ದ ಕೊಂಡಿ ಅಪ್ಪಟ. ಉಳಿದ ಸರದಲ್ಲಿ ನೂರಕ್ಕೆ ಎಪ್ಪತ್ತು ಪಾಲೂ ಚಿನ್ನವಿಲ್ಲ. ಬೇರೆ ಒಡವೆಯ ಕೊಂಡಿಯನ್ನು ಕಿತ್ತು ಇದಕ್ಕೆ ಬೆಸೆದಿದ್ದ, ಮಹಾಶಯ. ಕೂಲಿ ಸೇರಿಸಿ ಬಿಲ್ಲಿನ ಪೂರ್ತಿ ಮೊತ್ತ, ಪರಿಹಾರ, ಖರ್ಚು ಕೊಡಬೇಕು, ಇಲ್ಲವೇ ಅತ್ತಿಗೆ ಒಪ್ಪಿದರೆ ಅಷ್ಟೇ ತೂಕದ ಅಸಲಿ ಸರ ಕೊಡಬೇಕು ಎಂದು ಆದೇಶವಾಯಿತು. ನಾನು ಅಲ್ಲೇ ಅತ್ತಿಗೆಯನ್ನು ತಬ್ಬಿಕೊಂಡೆ.

ಹೊರಗೆ ಅವನು ಮತ್ತೆ, ನಮ್ಮ ಜೊತೆ ಬಂದಿದ್ದ ಅಮ್ಮನನ್ನೇ ಹಿಡಿದ. "ಹೊಸ ಸರಾನೇ ತಗೊಳ್ಳಿ ಅಮ್ಮ, ಒಳ್ಳೇ ಡಿಸೈನ್ ಬಂದಿದೆ."

"ನನ್ನನ್ಯಾಕೆ ಕೇಳ್ತೀಯ? ಸರ ಅವಳದು" ಎಂದ ಅಮ್ಮ ಅತ್ತಿಗೆಯ ಕೈ ಹಿಡಿದುಕೊಂಡಳು. "ಇವನ ಮಾತು ಕೇಳಿ ನಿನ್ನನ್ನ ಅನುಮಾನಿಸಿದೆ ಮಗಳೇ. ನಂದು ತಪ್ಪಾಯ್ತು."

ಅತ್ತಿಗೆ ಕಣ್ಣೊರೆಸಿಕೊಂಡು ಅವನತ್ತ ತಿರುಗಿದಳು.

"ಸರ ಬೇಡ ಅಣ್ಣ, ದುಡ್ಡೇ ಕೊಡಿ. ಹೊಲಿಗೆ ಮೆಷಿನ್ ತಗೋಬೇಕು."